ಮನೆಯ ಹೂಡಿಕೆ ಲೆಕ್ಕ ಕೊನೆಗೂ ತಾಳೆಯಾದ ಬಗೆ

ಆ್ಯಪ್‌ನಲ್ಲಿ ಈಕ್ವಿಟಿ 75% ಅಂತ ತೋರಿಸುತ್ತಿತ್ತು, ಮನೆಯ ಲೆಕ್ಕಕ್ಕೆ ಅದು ಹೊಂದುತ್ತಿರಲಿಲ್ಲ. ಬೇರೆ ಆ್ಯಪ್ ಹಾಕಿದೆ, ಮನೆಯ ಇಬ್ಬರಿಗೂ ಬೇರೆ ಬೇರೆ ಶೀಟ್ ಮಾಡಿದೆ, ಪ್ರಯೋಜನವಾಗಲಿಲ್ಲ. ಆ್ಯಪ್‌ಗೆ ಕಾಣುವುದು ಫಂಡ್ ಮಾತ್ರ, ಪಿಎಫ್ ಕಾಣಲ್ಲ ಅಲ್ವಾ!

ಸರಿಹೋಗಿದ್ದು ಹೀಗೆ: ಒಂದೇ ಶೀಟ್, ಒಂದು ಹೂಡಿಕೆಗೆ ಒಂದು ಸಾಲು. A ಹೆಸರು, B ಯಾರದು, C ಬಗೆ, D ಮಾರ್ಚ್ 31ರ ಮೌಲ್ಯ, E ಗುರಿ. ಒಟ್ಟಿನಲ್ಲಿ ಈಕ್ವಿಟಿ ಪಾಲು ಎಷ್ಟು ಅಂತ ನೋಡಲು ಈ ಸೂತ್ರ, ಸೆಲ್ ಅನ್ನು % ರೂಪಕ್ಕೆ ಬದಲಿಸಿ:

```
=SUMIF(C2:C40,"ಈಕ್ವಿಟಿ",D2:D40)/SUM(D2:D40)
```

ಈಕ್ವಿಟಿ 18 ಲಕ್ಷ, ಡೆಟ್ ಫಂಡ್ 6. ಇಪಿಎಫ್ 12, ಪಿಪಿಎಫ್ 4 ಸೇರಿಸಿದ ಕೂಡಲೇ 75% ಇದ್ದದ್ದು 45%ಗೆ ಇಳಿಯಿತು.

E ಖಾಲಿಯಿದ್ದರೆ ಆ ದುಡ್ಡು ಸುಮ್ನೆ ಬಿದ್ದಿದೆ ಅಂತ. ಫಂಡ್ ಹೆಸರಲ್ಲಿ Regular ಇದ್ದರೆ ಕಮಿಷನ್ ಹೋಗುತ್ತಿದೆ, ಆದರೆ ಮಾರಿ Direct ಪ್ಲಾನ್‌ಗೆ ಬದಲಿಸುವ ಮುನ್ನ ಎಕ್ಸಿಟ್ ಲೋಡ್, ತೆರಿಗೆ ನೋಡಿ.

ಜೀವ ವಿಮೆ ಇನ್ನೆಷ್ಟು ಬೇಕು ಅನ್ನುವ ಲೆಕ್ಕ: ಸಾಲ 30 ಲಕ್ಷ, 15 ವರ್ಷದ ಖರ್ಚು 90, ಒಟ್ಟು 120. ಟರ್ಮ್ ಪಾಲಿಸಿ 50, ಉಳಿತಾಯ 40 ಕಳೆದರೆ ಕೊರತೆ 30 ಲಕ್ಷ. ಆಫೀಸಿನ ಗ್ರೂಪ್ ವಿಮೆ ಸೇರಿಸಬೇಡಿ, ಕೆಲಸ ಬಿಟ್ಟರೆ ಸಾಮಾನ್ಯವಾಗಿ ಅದೂ ಹೋಗುತ್ತದೆ.