ಮೆಚ್ಚುಗೆಯ ಅನುವಾದ ಭಾಷಣದಂತೆ ಕೇಳುತ್ತಿತ್ತು: ಸರಿಯಾದದ್ದು ಹೀಗೆ

ದಾವಣಗೆರೆಯ ಶಾಲಾ ಮಕ್ಕಳ ಪ್ರಾಜೆಕ್ಟ್‌ಗಳಿಗೆ ಇಂಗ್ಲಿಷ್‌ನಲ್ಲಿದ್ದ ಷರಾಗಳನ್ನು ಕನ್ನಡಕ್ಕೆ ತರಬೇಕಿತ್ತು. ಒಂದು ಹೀಗೆ ಬಂತು: ‘ನೀನು ನಕ್ಷೆಯ ಮೇಲೆ ಅದ್ಭುತ ಕೆಲಸ ಮಾಡಿದ್ದೀಯ. ನಾನು ನಿನ್ನ ಬಗ್ಗೆ ತುಂಬಾ ಹೆಮ್ಮೆಪಡುತ್ತೇನೆ.’ ವ್ಯಾಕರಣ ತಪ್ಪಿಲ್ಲ, ಆದರೆ ಸನ್ಮಾನ ಪತ್ರ ಓದಿದಂತಿದೆ. ‘ನಕ್ಷೆಯ ಮೇಲೆ’ ಅಂದರೆ ಹುಡುಗ ಅದರ ಮೇಲೇ ಕೂತಂತೆ!

‘ಅದ್ಭುತ’ ತೆಗೆದು ‘ಅತ್ಯುತ್ತಮ’, ‘ಅಮೋಘ’ ಹಾಕಿದರೂ ಬಿಗಿ ಹೋಗಲಿಲ್ಲ. ‘ಸೂಪರ್’ ಹಾಕಿದಾಗ ಉಳಿದ ವಾಕ್ಯ ಇನ್ನೂ ಪೆಡಸಾಯಿತು. ತೊಂದರೆ ವಿಶೇಷಣದಲ್ಲಿರಲಿಲ್ಲ.

ಇಂಗ್ಲಿಷ್ ಹೊಗಳಿಕೆ ‘ಕೆಲಸ’ ಎಂಬ ನಾಮಪದಕ್ಕೆ ಅಂಟುತ್ತದೆ. ಕನ್ನಡದ್ದು ಹೆಚ್ಚಾಗಿ ಕ್ರಿಯಾಪದಕ್ಕೆ. ಹಾಗಾಗಿ ಮೊದಲು ‘ಕೆಲಸ’ ಕಿತ್ತು, ಹುಡುಗ ನಿಜವಾಗಿ ಮಾಡಿದ್ದೇನು ಎಂದು ಹುಡುಕಿ: ಬಿಡಿಸಿದ. ಅದಕ್ಕೆ ಮೊದಲು ‘ಚೆನ್ನಾಗಿ’ ಸೇರಿಸಿ. ಆಮೇಲೆ ಕಣ್ಣಿಗೆ ಬಿದ್ದ ಒಂದು ಗುಣ ಹೇಳಿ. ಕೊನೆಗೆ ‘ನಾನು ಹೆಮ್ಮೆಪಡುತ್ತೇನೆ’ ಬದಲು ಭಾವನೆ ತಾನಾಗಿ ‘ಆಗಲಿ’:

‘ಶಹಬ್ಬಾಸ್! ನಕ್ಷೆ ಚೆನ್ನಾಗಿ ಬಿಡಿಸಿದ್ದೀಯ. ಹರಿಹರದ ಹತ್ತಿರ ತುಂಗಭದ್ರೆಯ ತಿರುವೂ ಸರಿಯಾಗಿ ಬಂದಿದೆ. ನೋಡಿ ಖುಷಿ ಆಯ್ತು.’

‘ಶಹಬ್ಬಾಸ್’ ದೊಡ್ಡವರು ಚಿಕ್ಕವರಿಗೆ, ಗೆಳೆಯರು ಗೆಳೆಯರಿಗೆ ಹೇಳುವ ಮಾತು. ಅದೇ ನಕ್ಷೆ ಮೇಷ್ಟ್ರು ಬಿಡಿಸಿದ್ದರೆ ಆ ಮಾತು ಬೇಡ: ‘ಭಾಳ ಚೆನ್ನಾಗಿ ಬಿಡಿಸೀರಿ ಸರ್’ ಸಾಕು.