ಟ್ರೆಡ್‌ಮಿಲ್‌ನ ‘ಫ್ಯಾಟ್ ಬರ್ನ್’ ಪಟ್ಟಿಯಿಂದ ಮೇಷ್ಟ್ರನ್ನು ಹೊರಗೆ ತಂದದ್ದು

ತುಮಕೂರಿನಲ್ಲಿ ನಾನು ಟ್ರೇನರ್ ಆಗಿರುವ ಜಿಮ್‌ನ ಟ್ರೆಡ್‌ಮಿಲ್‌ಗಳ ಮೇಲೆ ಬಣ್ಣದ ಒಂದು ಚಾರ್ಟ್ ಇದೆ. ಒಂದು ಕಡೆ ವಯಸ್ಸು, ಇನ್ನೊಂದು ಕಡೆ ಎದೆಬಡಿತ. ಕೆಳಗಿನ ಪಟ್ಟಿಯ ಹೆಸರು ‘ಫ್ಯಾಟ್ ಬರ್ನ್’, ಅದರ ಮೇಲಿನದು ‘ಕಾರ್ಡಿಯೋ’. ತೂಕ ಇಳಿಸಲು ಬಂದವರು ಇದನ್ನು ನೋಡಿ ಏನು ಅಂದುಕೊಳ್ಳುತ್ತಾರೆ? ಕೆಳಗಿನ ಪಟ್ಟಿಯಲ್ಲಿದ್ದರೆ ಕೊಬ್ಬು ಕರಗುತ್ತೆ, ದಾಟಿದರೆ ನಿಂತುಹೋಗುತ್ತೆ ಅಂತ. ಚಾರ್ಟ್ ಬರೆದವರು ಹಾಗೆ ಬಾಯಿಬಿಟ್ಟು ಹೇಳಿಲ್ಲ ನಿಜ, ಆದರೆ ಬೇರೆ ಅರ್ಥ ಬರುವ ಹಾಗೂ ಬರೆದಿಲ್ಲ.

ನಮ್ಮಲ್ಲಿಗೆ ಬರುವ ಒಬ್ಬ ಹೈಸ್ಕೂಲ್ ಮೇಷ್ಟ್ರು ಇದನ್ನು ಅಕ್ಷರಶಃ ಪಾಲಿಸುತ್ತಿದ್ದರು. ವಯಸ್ಸು 46, ತೂಕ 80 ಕೆಜಿ. 220ರಲ್ಲಿ ವಯಸ್ಸು ಕಳೆದರೆ 174, ಅದರ ಶೇ. 60ರಿಂದ 70, ಅಂದರೆ 104ರಿಂದ 122ರೊಳಗೆ ಬಡಿತ ಇರಬೇಕು ಅಂತ ಅವರ ಲೆಕ್ಕ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾಗಿ ಅರ್ಧ ಗಂಟೆ ನಡಿಗೆ. ಬಡಿತ 122 ದಾಟಿದ ತಕ್ಷಣ ವೇಗ ಇಳಿಸುವ ಬಟನ್ನು. ತಿಂಗಳುಗಟ್ಟಲೆ ತಪ್ಪದೆ ಬಂದರೂ ತೂಕದ ಮುಳ್ಳು ಅಲ್ಲೇ ಇತ್ತು.

“ಸ್ವಲ್ಪ ಏರು ಹಾಕಿ ನಡೀರಿ ಸಾರ್” ಅಂದೆ.

“ಬೇಡಪ್ಪ, ಮೇಲಕ್ಕೋದ್ರೆ ಕಾರ್ಡಿಯೋ ಆಗ್ಬಿಡುತ್ತೆ. ನಂಗೆ ಹೋಗ್ಬೇಕಾಗಿರೋದು ಫ್ಯಾಟು.”

“ಹಂಗಾದ್ರೆ ಇಲ್ಲಿಗ್ಯಾಕ್ ಬರ್ತೀರಿ? ರಾತ್ರಿ ಮಲಗಿದ್ದಾಗ ಮೈ ಉರಿಸೋದ್ರಲ್ಲೂ ಕೊಬ್ಬಿನ ಪಾಲೇ ಜಾಸ್ತಿ. ಮನೇಲೇ ಮಲ್ಕೊಳಿ.”

ಅವರು ನಕ್ಕರು, ಆದರೆ ಒಪ್ಪಲಿಲ್ಲ. ಗಣಿತದ ಮೇಷ್ಟ್ರು, ಲೆಕ್ಕ ಬೇಕಿತ್ತು. ಅವತ್ತೇ ಕೂತು ಹಾಕಿದೆವು.

ಚಾರ್ಟಿನ ಹಿಂದಿರುವ ಸಂಗತಿ ಸುಳ್ಳಲ್ಲ. ನಿಧಾನವಾಗಿ ನಡೆಯುವಾಗ ಖರ್ಚಾಗುವ ಶಕ್ತಿಯಲ್ಲಿ ಕೊಬ್ಬಿನ ಪಾಲು ಹೆಚ್ಚು. ಶ್ರಮ ಏರಿದ ಹಾಗೆ ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟ ಸಕ್ಕರೆಯನ್ನು, ಅಂದರೆ ಗ್ಲೈಕೋಜನ್ನನ್ನು, ಹೆಚ್ಚು ಬಳಸುತ್ತವೆ. ಆದರೆ ಇದು ಶೇಕಡಾವಾರು. ಯಾವುದರ ಶೇಕಡಾ ಅನ್ನುವುದನ್ನು ಚಾರ್ಟ್ ಹೇಳುವುದಿಲ್ಲ.

ಸಮತಟ್ಟು ನಡಿಗೆಗೂ ಏರು ನಡಿಗೆಗೂ ಬೇಕಾಗುವ ಆಮ್ಲಜನಕವನ್ನು ಅಂದಾಜು ಮಾಡಲು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಒಂದು ಸೂತ್ರ ಇದೆ, ಟ್ರೇನರ್‌ಗಳೆಲ್ಲ ಓದಿರುವಂಥದ್ದು. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕ್ಯಾಲೊರಿ. ಅದರ ಪ್ರಕಾರ ಮೇಷ್ಟ್ರ ಅರ್ಧ ಗಂಟೆಯ ನಡಿಗೆಗೆ ಸುಮಾರು 142 ಕ್ಯಾಲೊರಿ. ಶೇ. 60 ಕೊಬ್ಬಿನಿಂದ ಅಂತ ಉದಾರವಾಗಿ ಹಿಡಿದರೆ 85. ಈಗ ಅದೇ ಅರ್ಧ ಗಂಟೆ 5.5 ಕಿಲೋಮೀಟರ್ ವೇಗ, 6 ಇನ್‌ಕ್ಲೈನ್, ಅಂದರೆ ಶೇ. 6ರ ಏರು. ಓಡುವ ಮಾತೇ ಇಲ್ಲ, ಬರೀ ಏರು ನಡಿಗೆ. ಇದಕ್ಕೆ ಸುಮಾರು 271 ಕ್ಯಾಲೊರಿ. ಕೊಬ್ಬಿನ ಪಾಲು ಇಲ್ಲಿ ಮೂರನೇ ಒಂದಕ್ಕೆ ಬಿತ್ತು ಅಂತಲೇ ಇಟ್ಟುಕೊಳ್ಳಿ, ಆಗಲೂ 90.

ಅಂದರೆ ‘ಫ್ಯಾಟ್ ಬರ್ನ್’ ಪಟ್ಟಿ ಬಿಟ್ಟು ಹೊರಗೆ ಬಂದರೂ ಉರಿದ ಕೊಬ್ಬು ಕಡಿಮೆಯಾಗಲಿಲ್ಲ, ಒಟ್ಟು ಖರ್ಚು ಹೆಚ್ಚುಕಡಿಮೆ ಎರಡರಷ್ಟಾಯಿತು.

“ಮಿಕ್ಕಿದ್ದು ಸಕ್ಕರೆ ತಾನೆ, ಅದು ಹೋದ್ರೆ ಹೊಟ್ಟೆ ಕರಗುತ್ತಾ?” ಅಂತ ಮೇಷ್ಟ್ರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಆ ಅರ್ಧ ಗಂಟೆಯಲ್ಲಿ ಯಾವ ಇಂಧನ ಉರಿಯಿತು ಅನ್ನುವುದು ಮುಖ್ಯವಲ್ಲ. ಇಡೀ ದಿನದ, ವಾರದ ಬಾಕಿ ಎಷ್ಟು ಅನ್ನುವುದು ಮುಖ್ಯ. ಏರು ನಡೆದು ಗ್ಲೈಕೋಜನ್ ಖಾಲಿ ಮಾಡಿಕೊಂಡು ಮನೆಗೆ ಹೋಗಿ ಮುದ್ದೆ ಉಂಡರೆ, ಅದರ ಪಿಷ್ಟದ ಒಂದು ಭಾಗ ಆ ಖಾಲಿ ಜಾಗ ತುಂಬಲು ಹೋಗುತ್ತೆ. ಆಗ ಮಿಕ್ಕ ಗಂಟೆಗಳಲ್ಲಿ ಮೈ ಕೊಬ್ಬಿನ ಮೇಲೆ ಹೆಚ್ಚು ನಡೆಯುತ್ತೆ. ನಿಧಾನ ನಡೆದು ಕೊಬ್ಬು ಉರಿಸಿದವರಿಗೆ ಇದೇ ತಿರುಗುಮುರುಗು. ಉಂಡದ್ದಕ್ಕಿಂತ ಖರ್ಚು ಜಾಸ್ತಿಯಿದ್ದರೆ ಮೈಯ ಕೊಬ್ಬು ಇಳಿಯುತ್ತೆ, ಇಲ್ಲದಿದ್ದರೆ ಯಾವ ಪಟ್ಟಿಯಲ್ಲಿ ನಡೆದರೂ ಇಳಿಯುವುದಿಲ್ಲ.

ಲೆಕ್ಕ ಒಪ್ಪಿದ ಮೇಲೆ ಮಾಡಿದ ಮೊದಲ ಕೆಲಸ, ಹಿಡಿಕೆ ಬಿಡಿಸಿದ್ದು. ಬಡಿತ ನೋಡಬೇಕಾದರೆ ಹಿಡಿಕೆಯ ಲೋಹದ ಪಟ್ಟಿಯನ್ನು ಹಿಡಿದಿರಬೇಕಲ್ಲ, ಅದಕ್ಕೆ ಮೇಷ್ಟ್ರು ಪೂರ್ತಿ ಹೊತ್ತು ಅದಕ್ಕೇ ಒರಗಿರುತ್ತಿದ್ದರು. ಏರಿನಲ್ಲಿ ಹಿಡಿಕೆಗೆ ಜೋತುಬಿದ್ದರೆ ಮೈಭಾರದ ಒಂದಷ್ಟನ್ನು ಕೈಗಳೇ ಹೊರುತ್ತವೆ. ಪರದೆಯ ಮೇಲೆ ಕ್ಯಾಲೊರಿ ಮಾತ್ರ ಹಾಗೇ ಓಡುತ್ತಿರುತ್ತೆ, ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಕೈ ಬಿಟ್ಟರೆ ನಡೆಯಲಾಗುತ್ತಿಲ್ಲ ಅಂದರೆ ಏರು ಹೆಚ್ಚಾಯಿತು ಅಂತ ಅರ್ಥ, ಇಳಿಸಬೇಕು. ನಾವು 3ರಿಂದ ಶುರುಮಾಡಿದೆವು. ಮೊದಲ ಐದು ನಿಮಿಷ ಸಮತಟ್ಟು, ಆಮೇಲೆ ಏರು. ಮೀನಖಂಡ ಹಿಡಿದುಕೊಳ್ಳುವುದು ನಿಂತ ಮೇಲೆ 4, ಹೀಗೆ ನಿಧಾನಕ್ಕೆ 6ಕ್ಕೆ ಬಂದೆವು.

ಬಡಿತದ ಸಂಖ್ಯೆಯ ಬದಲು ಮಾತನ್ನು ಅಳತೆಗೋಲು ಮಾಡಿಕೊಂಡೆವು. ಒಂದು ಪೂರ್ತಿ ವಾಕ್ಯ ಹೇಳಬಹುದು, ಆದರೆ ಹಾಡಲಾಗದು, ಅಷ್ಟಿದ್ದರೆ ಸರಿ. ಎರಡು ಪದಕ್ಕೊಮ್ಮೆ ಉಸಿರು ಬೇಕಾದರೆ ಅರ್ಧ ಗಂಟೆ ನಿಲ್ಲುವ ವೇಗ ಅದಲ್ಲ. 220ರ ಸೂತ್ರ 1971ರಲ್ಲಿ ಫಾಕ್ಸ್ ಮತ್ತು ಸಂಗಡಿಗರು ಹಲವು ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಒಂದು ಸರಾಸರಿ ಗೆರೆಯಿಂದ ಬಂದದ್ದು. ಒಬ್ಬೊಬ್ಬರ ನಿಜವಾದ ಗರಿಷ್ಠ ಬಡಿತ ಅದಕ್ಕಿಂತ ಹತ್ತು ಹನ್ನೆರಡು ಆಚೀಚೆ ಇರುವುದು ಮಾಮೂಲು. ಮೇಷ್ಟ್ರದು 186 ಆಗಿದ್ದರೆ ಅವರ ಪಟ್ಟಿ 112ರಿಂದ 130. 122ಕ್ಕೆ ಬೆದರಿ ಬಟನ್ ಒತ್ತುತ್ತಿದ್ದುದಕ್ಕೆ ಚಾರ್ಟಿನ ಲೆಕ್ಕದಲ್ಲೂ ಅರ್ಥವಿರಲಿಲ್ಲ.

ಇಷ್ಟೆಲ್ಲ ಮಾಡಿದ್ದರಿಂದ ಲಾಭ ಎಷ್ಟು? ಇದನ್ನೂ ಮುಚ್ಚಿಡದೆ ಹೇಳಿದೆ. ಎರಡು ನಡಿಗೆಗಳ ವ್ಯತ್ಯಾಸ ದಿನಕ್ಕೆ ಸುಮಾರು 130 ಕ್ಯಾಲೊರಿ. ವಾರಕ್ಕೆ ಐದು ದಿನ ಅಂದರೆ 650. ಒಂದು ಕೆಜಿ ಮೈಕೊಬ್ಬಿಗೆ ಸುಮಾರು 7,700 ಅಂತ ಲೆಕ್ಕ ಹಿಡಿದರೆ, ಹನ್ನೆರಡು ವಾರಕ್ಕೆ ಒಂದು ಕೆಜಿ. ಮೇಷ್ಟ್ರ ಮುಖ ಸ್ವಲ್ಪ ಇಳಿಯಿತು. ಆಗಲೇ ಊಟದ ಮಾತು ಬಂದದ್ದು. ಅಷ್ಟು ದಿನ ಅದನ್ನು ಎತ್ತಲು ಬಿಟ್ಟಿರಲೇ ಇಲ್ಲ.

ಹಳೆಯ ನಡಿಗೆಯ 142ರಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ 42 ಸೇರಿದೆ; ನಡೆದದ್ದಕ್ಕೆ ಸಿಕ್ಕಿದ್ದು 100. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೂ ಸರಿಸುಮಾರು 100. ಜಿಮ್ ಮುಗಿಸಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿನ್ನುವ ಅಭ್ಯಾಸ ಅವರದು. ನಮ್ಮೂರಲ್ಲಿ ಇದ್ದುಕೊಂಡು ತಟ್ಟೆ ಇಡ್ಲಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಬೆಣ್ಣೆ ಬಿಟ್ಟು ಇಡ್ಲಿ ಉಳಿಸಿಕೊಳ್ಳಲಿ ಅಂದೆ. ಸಂಜೆ ಸ್ಟಾಫ್‌ರೂಮಿನ ಬೋಂಡಾ ಅವರಾಗಿಯೇ ಬಿಟ್ಟರು.

ತೂಕವನ್ನು ಬೆಳಿಗ್ಗೆ ಶೌಚಾಲಯಕ್ಕೆ ಹೋಗಿ ಬಂದ ಮೇಲೆ ನೋಡಿ, ವಾರದ ಸರಾಸರಿ ಮಾತ್ರ ಬರೆದುಕೊಳ್ಳಿ ಅಂದಿದ್ದೆ. ಉಪ್ಪು ಜಾಸ್ತಿ ತಿಂದ ಮಾರನೇ ದಿನ ನೀರಿನಿಂದಲೇ ಒಂದು ಕೆಜಿ ಏರಿ ಮನಸ್ಸು ಕೆಡಿಸುತ್ತೆ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಅಳತೆಯನ್ನೂ ಟೇಪಿನಲ್ಲಿ ತೆಗೆದುಕೊಳ್ಳುತ್ತಿದ್ದರು. ಮೊದಲು ಇಳಿದದ್ದು ಅದು. ತೂಕದ ಸರಾಸರಿ ಕೆಲವು ವಾರ ತಡವಾಗಿ ಹಿಂಬಾಲಿಸಿತು.

ನಿಧಾನ ನಡಿಗೆಯನ್ನು ನಾನು ಯಾರಿಗೂ ಬೇಡ ಅನ್ನುವುದಿಲ್ಲ. ಮಂಡಿನೋವಿನವರಿಗೆ, ಹೊಸಬರಿಗೆ ಅದೇ ಸರಿ, ಅವರು ಹೊತ್ತು ಹೆಚ್ಚಿಸಿದರಾಯಿತು. ಅಮಾನಿಕೆರೆ ಸುತ್ತ ಒಂದು ಗಂಟೆ ನಡೆದರೆ ಮೇಷ್ಟ್ರ ಅರ್ಧ ಗಂಟೆಯ ಏರಿಗೆ ಹತ್ತಿರ ಹತ್ತಿರ ಬರುತ್ತೆ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಆ ಚಾರ್ಟನ್ನು ನೋಡಲೇಬೇಡಿ ಅನ್ನುತ್ತೇನೆ. ಆ ಮಾತ್ರೆ ಬಡಿತವನ್ನೇ ತಗ್ಗಿಸಿ ಇಡುತ್ತೆ. ಪರದೆ ‘ಫ್ಯಾಟ್ ಬರ್ನ್’ ತೋರಿಸುತ್ತಿರುವಾಗ ಅವರು ಏದುಸಿರು ಬಿಡುತ್ತಿರಬಹುದು. ಅಂಥವರು ಏರು ಹಾಕುವ ಮೊದಲು ತಮ್ಮ ಡಾಕ್ಟರನ್ನು ಕೇಳಿಕೊಂಡು ಬರಲಿ ಅಂತ ನಾನು ಫಾರಂ ತುಂಬಿಸುವಾಗಲೇ ಹೇಳಿಬಿಡುತ್ತೇನೆ.