ಟೊಮೆಟೊ ಸಸಿ ನೆಲಕ್ಕಿಡುವ ಮುಂಚೆ ಒಂದು ವಾರ ತಡೆಯಿರಿ

ನರ್ಸರಿಯಿಂದ ಟ್ರೇ ಸಸಿ ತಂದ ದಿನವೇ ಹಿತ್ತಲಲ್ಲಿ ನಾಟಿ ಮಾಡಬೇಡಿ. ನಮ್ಮ ಕೋಲಾರದ ಕಡೆ ಟೊಮೆಟೊ ಸಸಿ ಸಿಗುವುದೇನೋ ಸುಲಭ, ಆದರೆ ಅದು ಬೆಳೆದಿರುವುದು ಶೇಡ್ ನೆಟ್ ಕೆಳಗೆ, ದಿನಾ ನೀರು ಕುಡಿದುಕೊಂಡು. ಎಲೆ ಮೆತ್ತಗಿರುತ್ತೆ. ಅದನ್ನ ಒಮ್ಮೆಲೇ ಮಾರ್ಚ್ ಬಿಸಿಲಿಗೆ, ಒಣ ಗಾಳಿಗೆ ಒಡ್ಡಿದರೆ ಎಲೆ ಕಳೆದುಕೊಳ್ಳುವಷ್ಟು ನೀರನ್ನ ಆ ಚಿಕ್ಕ ಬೇರು ಎಳೆದು ಕೊಡೋಕಾಗಲ್ಲ. ಎಲೆ ಮೇಲೆ ಬಿಳಿ ಕಲೆ ಬಿದ್ದು ಒಣಗಿದರೆ ಅದು ರೋಗ ಅಲ್ಲ, ಬಿಸಿಲು ಸುಟ್ಟಿದ್ದು.

ಮೊದಲ ಎರಡು ದಿನ ಟ್ರೇನ ಮರದ ನೆರಳಲ್ಲಿಡಿ. ಆಮೇಲೆ ಬೆಳಗಿನ ಎಳೆ ಬಿಸಿಲಿಗೆ ಒಂದೆರಡು ಗಂಟೆ ಇಟ್ಟು, ದಿನಾ ಒಂದೊಂದು ಗಂಟೆ ಹೆಚ್ಚಿಸುತ್ತಾ ಹೋಗಿ. ವಾರದ ಕೊನೆಗೆ ಸಸಿ ಮಧ್ಯಾಹ್ನದ ಬಿಸಿಲನ್ನೂ ತಾಳಿಕೊಳ್ಳಬೇಕು. ನೀರನ್ನೂ ಸ್ವಲ್ಪ ಕಮ್ಮಿ ಮಾಡಿ, ಆದರೆ ಟ್ರೇಲಿ ಮಣ್ಣಿನ ಬದಲು ತುಂಬಿರೋ ತೆಂಗಿನ ನಾರಿನ ಪುಡಿ ಪೂರ್ತಿ ಒಣಗೋಕೆ ಬಿಡಬೇಡಿ. ಒಮ್ಮೆ ಗಟ್ಟಿ ಒಣಗಿದರೆ ಹಾಕಿದ ನೀರು ಒಂದಷ್ಟು ಪಕ್ಕದಲ್ಲೇ ಇಳಿದುಹೋಗುತ್ತೆ.

ಸಸಿಗೆ 25ರಿಂದ 30 ದಿನ ಆಗಿರಬೇಕು, ನಾಲ್ಕೈದು ಎಲೆ ಇರಬೇಕು. ಹೂ ಬಂದಿರೋ ಸಸಿ ಅಗ್ಗಕ್ಕೆ ಕೊಟ್ಟರೂ ಬೇಡ. ಮೋಡ ಇರುವ ದಿನವೋ ಇಲ್ಲಾ ಸಂಜೆ ನಾಲ್ಕರ ಮೇಲೋ ನಾಟಿ ಮಾಡಿ, ರಾತ್ರಿಯೆಲ್ಲಾ ಸಸಿಗೆ ಸುಧಾರಿಸಿಕೊಳ್ಳೋಕೆ ಸಮಯ ಸಿಗುತ್ತೆ. ಒಂದು ಗಂಟೆ ಮುಂಚೆ ಟ್ರೇಗೂ ಗುಂಡಿಗೂ ನೀರು ಹಾಕಿ. ಕಾಂಡ ಹಿಡಿದು ಎಳೆಯಬೇಡಿ, ಟ್ರೇ ತಳದಿಂದ ಬೆರಳಲ್ಲಿ ಒತ್ತಿದರೆ ಬೇರಿನ ಗಡ್ಡೆ ಇಡಿಯಾಗಿ ಮೇಲೆ ಬರುತ್ತೆ. ಟೊಮೆಟೊ ಆದರೆ ಸ್ವಲ್ಪ ಆಳಕ್ಕೇ ಇಡಿ, ಮಣ್ಣೊಳಗಿನ ಕಾಂಡದಲ್ಲೂ ಬೇರು ಬಿಡುತ್ತೆ. ಮೆಣಸಿನ ಗಿಡಕ್ಕೆ ಹಾಗೆ ಮಾಡಬೇಡಿ, ಟ್ರೇಲಿ ಇದ್ದಷ್ಟೇ ಆಳ ಸಾಕು. ಆ ನಾರಿನ ಪುಡಿ ಹೊರಗೆ ಕಾಣದ ಹಾಗೆ ಮೇಲೆ ಮಣ್ಣು ಮುಚ್ಚಿ, ಇಲ್ಲದಿದ್ದರೆ ಗಾಳಿಗೆ ಅದೇ ಮೊದಲು ಒಣಗೋದು.

ನಾಟಿ ಆದ ತಕ್ಷಣ ಬುಡಕ್ಕೆ ನಿಧಾನವಾಗಿ ಒಂದು ಚೊಂಬು ನೀರು ಕೊಡಿ. ಪಡುವಣ ಕಡೆಗೆ ಒಂದು ಹೊಂಗೆ ರೆಂಬೆ ಚುಚ್ಚಿದರೆ ಮೂರು ನಾಲ್ಕು ದಿನ ನೆರಳಿಗೆ ಸಾಕು. ಮೊದಲ ವಾರ ಬೇರು ಇನ್ನೂ ಆ ಗಡ್ಡೆಯಲ್ಲೇ ಇರುತ್ತೆ, ಹಾಗಾಗಿ ಸುತ್ತ ನೆಲ ಒದ್ದೆ ಇದೆ ಅಂತ ಸುಮ್ನಿರಬೇಡಿ, ಬುಡದಲ್ಲೇ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಅಲ್ಲಿಗೇ ನೀರು.

ಎಲ್ಲರೂ ಗಾಬರಿಯಾಗೋದು ಮಧ್ಯಾಹ್ನ. ಸಸಿ ತಲೆ ಬಾಗಿಸುತ್ತೆ, ಕೂಡಲೇ ಬಕೆಟ್ ಹಿಡಿದು ಓಡುತ್ತಾರೆ. ಬೇಡ, ಸಂಜೆಗೆ ಎದ್ದು ನಿಂತರೆ ಅದು ಚೆನ್ನಾಗಿಯೇ ಇದೆ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಬುಡ ನೋಡಿ. ಮಣ್ಣು ಒಣಗಿದ್ದರೆ ನೀರು ಹಾಕಿ. ಮಣ್ಣು ಹಸಿ ಇದ್ದು, ಕಾಂಡ ನೆಲದ ಹತ್ತಿರ ಕಂದಾಗಿ ಸಣ್ಣಗಾಗಿದ್ದರೆ ನೀರು ಜಾಸ್ತಿಯಾಗಿ ಕೊಳೆತಿದೆ, ಆ ಸಸಿ ಕಿತ್ತುಬಿಡಿ. ಸಸಿಯ ನಡುವೆ ಹೊಸ ಎಲೆ ಕಾಣುವವರೆಗೂ ಗೊಬ್ಬರದ ಯೋಚನೆ ಬೇಡ. ಅದು ಬಂತು ಅಂದರೆ ಬೇರು ಹಿಡಿದಿದೆ, ನೀರನ್ನ ಎರಡು ಮೂರು ದಿನಕ್ಕೊಮ್ಮೆಗೆ ಇಳಿಸಬಹುದು.